ಮೆಟ್ರೊನೋಮ್ ಹಾಕಿಕೊಂಡರೆ ಸಂಗೀತ ಯಾಂತ್ರಿಕವಾಗುತ್ತದೆಯೇ? ಕಷ್ಟದ ಭಾಗದ ವೇಗ ಹೆಚ್ಚಿಸುವ ಸರಿಯಾದ ಕ್ರಮ ಯಾವುದು?

ಮಕ್ಕಳು ಕೀಬೋರ್ಡ್ ಕಲಿಯುವ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಮೆಟ್ರೊನೋಮ್ ಹಾಕಿಕೊಂಡು ನುಡಿಸಿದರೆ ಸಂಗೀತ ಯಾಂತ್ರಿಕವಾಗುತ್ತದೆ". ಇನ್ನೊಂದು, "ದಿನಕ್ಕೆ 5ರಂತೆ ವೇಗ ಹೆಚ್ಚಿಸುತ್ತಾ ಹೋಗಿ, ಎಂಥ ಕಷ್ಟದ ಹಾಡೂ ಕೈಗೆ ಬರುತ್ತದೆ". ಎರಡೂ ಅರ್ಧ ಸತ್ಯ. ಏಕೆಂದು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಮೆಟ್ರೊನೋಮ್ ಏನು ಮಾಡುತ್ತದೆ?

ಮೆಟ್ರೊನೋಮ್ ಸಮಾನ ಅಂತರದಲ್ಲಿ 'ಟಿಕ್ ಟಿಕ್' ಎನ್ನುವ ಸಾಧನ. ಯೋಹಾನ್ ಮೆಲ್ಟ್‌ಜೆಲ್ 1815ರಲ್ಲಿ ಇದರ ಪೇಟೆಂಟ್ ಪಡೆದರು. ಈಗ ಇದು ಮೊಬೈಲ್ ಆ್ಯಪ್ ಆಗಿದೆ. ತೆರೆಯ ಮೇಲೆ BPM ಎಂದು ಕಾಣುವ ಸಂಖ್ಯೆ, ಒಂದು ನಿಮಿಷಕ್ಕೆ ಎಷ್ಟು ಟಿಕ್ ಎಂಬುದನ್ನು ಹೇಳುತ್ತದೆ. 60 ಎಂದರೆ ಸೆಕೆಂಡಿಗೆ ಒಂದು.

ನಮ್ಮ ಉದಾಹರಣೆ ಬೆಥೋವೆನ್ ಅವರ 'ಫ್ಯೂರ್ ಎಲೀಸ್'. ಇದರ ಆರಂಭ ಕೀಬೋರ್ಡ್ ಕಲಿಯುವ ಬಹುತೇಕರಿಗೆ ಗೊತ್ತು. ಮೂರು ಎಣಿಕೆಯ ತಾಳ, ಒಂದು ಎಣಿಕೆಗೆ ಎರಡು ಸ್ವರ. ಹಾಯಾಗಿ ಸಾಗುತ್ತದೆ. ಸ್ವಲ್ಪ ಮುಂದೆ ಬಲಗೈ ಮಧ್ಯೆ ಮಧ್ಯೆ ಜಿ ಸ್ವರಕ್ಕೆ ಮರಳುತ್ತಾ ಮೇಲೇರುವ ಜಾಗ ಬರುತ್ತದೆ. ಅಲ್ಲಿ ಒಂದು ಎಣಿಕೆಗೆ ನಾಲ್ಕು ಸ್ವರ. ಎಣಿಕೆಯ ವೇಗ ಬದಲಾಗಬಾರದು, ಆದರೆ ಬೆರಳಿನ ಕೆಲಸ ದುಪ್ಪಟ್ಟಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಸುಲಭದ ಆರಂಭವನ್ನು ಬೇಗ ಬೇಗ ನುಡಿಸಿ, ಕಷ್ಟದ ಜಾಗಕ್ಕೆ ಬಂದಾಗ ತಮಗೇ ತಿಳಿಯದಂತೆ ನಿಧಾನವಾಗುತ್ತಾರೆ. ಗಮನವೆಲ್ಲ ಮುಂದಿನ ಕೀ ಹುಡುಕುವುದರಲ್ಲಿ ಇರುವಾಗ, ಲಯ ಜಾರಿದ್ದು ನುಡಿಸುವವರಿಗೆ ಕೇಳಿಸುವುದಿಲ್ಲ. ಟಿಕ್ ಶಬ್ದ ಮಾತ್ರ ನಮಗಾಗಿ ಕಾಯುವುದಿಲ್ಲ. ಸ್ವರ ಟಿಕ್‌ನಿಂದ ಹಿಂದೆ ಬಿದ್ದ ಕೂಡಲೇ ಯಾವ ಜಾಗದಲ್ಲಿ ತೊಡಕಿದೆ ಎಂದು ಗೊತ್ತಾಗುತ್ತದೆ.

ಯಾವ ವೇಗದಿಂದ ಶುರು ಮಾಡಬೇಕು?

ಈ ಕೃತಿಗೆ ಬೆಥೋವೆನ್ ಕೊಟ್ಟಿರುವುದು 'ಪೋಕೋ ಮೋಟೋ' ಎಂಬ ಸೂಚನೆ ಮಾತ್ರ, ಸಂಖ್ಯೆಯನ್ನಲ್ಲ. ನಾವು 72 ಎಣಿಕೆಯ ಗುರಿ ಇಟ್ಟುಕೊಳ್ಳೋಣ. ಆಗ ಕಷ್ಟದ ಜಾಗದಲ್ಲಿ ನಿಮಿಷಕ್ಕೆ 288 ಸ್ವರಗಳ ವೇಗ ಬೇಕು.

ಮೊದಲು ಮೆಟ್ರೊನೋಮನ್ನು 40ಕ್ಕೆ ಇಡಿ. ಈಗ ಅದೇ ಜಾಗದಲ್ಲಿ ಬೇಕಾಗುವುದು ನಿಮಿಷಕ್ಕೆ 160 ಸ್ವರಗಳ ವೇಗ. ಆರಂಭದ ಭಾಗವನ್ನು 80ರಲ್ಲಿ ನುಡಿಸಿದಾಗ ಬೆರಳುಗಳು ಓಡುವ ವೇಗವೂ ಇಷ್ಟೇ. ಅಂದರೆ ಕೈಗೆ ಆಗಲೇ ಗೊತ್ತಿರುವ ವೇಗದಲ್ಲಿ ಹೊಸ ಸ್ವರಗಳನ್ನು ಕಲಿಯುತ್ತೀರಿ. 40ರಲ್ಲೂ ತಪ್ಪಾದರೆ ಎರಡು ಸ್ವರಕ್ಕೆ ಒಂದು ಟಿಕ್ ಬರುವಂತೆ 60ಕ್ಕೆ ಇಡಿ. ಆಗ ವೇಗ ಇನ್ನೂ ಕಡಿಮೆಯಾಗುತ್ತದೆ.

'ದಿನಕ್ಕೆ 5' ಏಕೆ ತಪ್ಪು?

40ರಿಂದ 45ಕ್ಕೆ ಹೋದರೆ ವೇಗ ಶೇಕಡ 12ಕ್ಕಿಂತ ಹೆಚ್ಚು ಏರುತ್ತದೆ. 120ರಿಂದ 125ಕ್ಕೆ ಹೋದರೆ ಕೇವಲ ಶೇಕಡ 4. ಎರಡೂ ಕಡೆ ಏರಿಕೆ 5 ಆದರೂ ಕೈಗೆ ಅದು ಒಂದೇ ಅಲ್ಲ. ಹಳೆಯ ಲೋಲಕದ ಮೆಟ್ರೊನೋಮ್‌ಗಳ ಪಟ್ಟಿಯಲ್ಲೇ ಇದಕ್ಕೆ ಉತ್ತರವಿದೆ. ಅದರಲ್ಲಿ 40ರಿಂದ 60ರವರೆಗೆ 2ರಂತೆ, 60ರಿಂದ 72ರವರೆಗೆ 3ರಂತೆ, 72ರಿಂದ 120ರವರೆಗೆ 4ರಂತೆ ಅಂಕಗಳು ಏರುತ್ತವೆ. ಪ್ರತಿ ಮೆಟ್ಟಿಲೂ ಸುಮಾರು ಶೇಕಡ 3ರಿಂದ 6ರಷ್ಟು. ಇಷ್ಟು ಚಿಕ್ಕ ಬದಲಾವಣೆ ಕೈಗೆ ಹೊರೆಯಾಗುವುದಿಲ್ಲ.

ಈ ಲೆಕ್ಕದಲ್ಲಿ 40ರಿಂದ 72ಕ್ಕೆ 14 ಮೆಟ್ಟಿಲು. ಹತ್ತುವಾಗ ದಿನ ಎಣಿಸಬೇಡಿ, ಸರಿಯಾಗಿ ನುಡಿಸಿದ ಸಲ ಎಣಿಸಿ. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಒಂದು ಮೆಟ್ಟಿಲು ಮೇಲೆ. ಸತತ ಎರಡು ಸಲ ತಪ್ಪಿದರೆ ಎರಡು ಮೆಟ್ಟಿಲು ಕೆಳಗೆ. ಉದಾಹರಣೆಗೆ 46ರವರೆಗೆ ಸರಿಯಾಗಿ ಬಂದು 48ರಲ್ಲಿ ಎರಡು ಸಲ ಮುರಿದುಬಿದ್ದರೆ 44ಕ್ಕೆ ಇಳಿಯಿರಿ. ಮರುದಿನ 42ರಿಂದ ಆರಂಭಿಸಿ, ಏಕೆಂದರೆ ಹಿಂದಿನ ದಿನದ ಕೊನೆಯ ವೇಗ ಬೆಳಗಿನ ಕೈಗೆ ತಕ್ಷಣ ಸಿಗುವುದಿಲ್ಲ.

'ತಪ್ಪಿಲ್ಲದೆ' ಎಂದರೆ ಸ್ವರ ಸರಿಯಿದ್ದರೆ ಸಾಲದು. ನಾಲ್ಕೂ ಸ್ವರಗಳು ಟಿಕ್‌ಗಳ ನಡುವೆ ಸಮವಾಗಿ ಹರಡಿರಬೇಕು, ಭುಜ ಮೇಲೇರಿರಬಾರದು, ಮಣಿಕಟ್ಟು ಬಿಗಿದಿರಬಾರದು. ಅನುಮಾನವಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕೇಳಿಸದ ಏರುಪೇರು ಆಗ ಸ್ಪಷ್ಟವಾಗಿ ಕೇಳಿಸುತ್ತದೆ.

ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ?

58ರವರೆಗೆ ಬಂದು ಮೂರು ದಿನವಾದರೂ ಮುಂದೆ ಹೋಗಲಾಗುತ್ತಿಲ್ಲ ಎಂದಿಟ್ಟುಕೊಳ್ಳಿ. ಇಲ್ಲಿ ನಿಧಾನದ ಅಭ್ಯಾಸವನ್ನೇ ಇನ್ನಷ್ಟು ಮಾಡಿ ಪ್ರಯೋಜನವಿಲ್ಲ. ನಿಧಾನವಾಗಿ ನುಡಿಸುವಾಗ ಬೆರಳನ್ನು ಎತ್ತರಕ್ಕೆ ಎತ್ತಿ, ಒಂದು ಸ್ವರ ಮುಗಿದ ಮೇಲೆ ಇನ್ನೊಂದನ್ನು ಒತ್ತಲು ಸಮಯವಿರುತ್ತದೆ. ವೇಗದಲ್ಲಿ ಅದು ನಡೆಯದು. ಈ ಸ್ವರ ಒತ್ತುವ ಹೊತ್ತಿಗೆ ಮುಂದಿನ ಬೆರಳು ತನ್ನ ಕೀ ಮೇಲೆ ಸಿದ್ಧವಾಗಿರಬೇಕು. ನಿಧಾನದಲ್ಲಿ ನಡೆದುಹೋದ ಬೆರಳಿನ ಆಯ್ಕೆ ವೇಗದಲ್ಲಿ ಅಡ್ಡಿಯಾಗಬಹುದು.

ಹಾಗಾಗಿ ವೇಗ ಕಡಿಮೆ ಮಾಡುವ ಬದಲು ಉದ್ದ ಕಡಿಮೆ ಮಾಡಿ. ಮೆಟ್ರೊನೋಮನ್ನು ನೇರವಾಗಿ 72ಕ್ಕೆ ಇಟ್ಟು, ಒಂದು ಎಣಿಕೆಯ ನಾಲ್ಕು ಸ್ವರ ಮತ್ತು ಮುಂದಿನ ಎಣಿಕೆಯ ಮೊದಲ ಸ್ವರ ಮಾತ್ರ ನುಡಿಸಿ ನಿಲ್ಲಿಸಿ. ಕೈ ಸಡಿಲಿಸಿ, ಮತ್ತೆ ನುಡಿಸಿ. ಹೀಗೆ ಒಂದೊಂದೇ ತುಂಡು ಪರೀಕ್ಷಿಸಿದರೆ ಯಾವ ಬೆರಳು ಸಿಕ್ಕಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಅಲ್ಲಿ ಬೆರಳು ಬದಲಿಸಿ, ಆಮೇಲೆ ಎರಡೆರಡು ತುಂಡು ಜೋಡಿಸಿ. ಹೊಸ ಬೆರಳಿನ ಕ್ರಮಕ್ಕೆ ಮೆಟ್ಟಿಲನ್ನು ಮತ್ತೆ ಕೆಳಗಿನಿಂದ ಹತ್ತಬೇಕು, ಆದರೆ ಈ ಸಲ 58 ಗೋಡೆಯಾಗುವುದಿಲ್ಲ.

ಕರ್ನಾಟಕ ಸಂಗೀತ ಕಲಿಯುವವರಿಗೂ ಇದು ಉಪಯುಕ್ತ. ಸರಳೆ ವರಸೆಯಲ್ಲಿ ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋದರೆ ವೇಗ ಒಮ್ಮೆಲೇ ದುಪ್ಪಟ್ಟಾಗುತ್ತದೆ. ಎರಡನೇ ಕಾಲ ಕೈತಪ್ಪುತ್ತಿದ್ದರೆ, ತಾಳದ ವೇಗವನ್ನೇ ಇಳಿಸಿಕೊಂಡು ಎರಡನೇ ಕಾಲ ಹಿಡಿದು, ಅಲ್ಲಿಂದ ಇದೇ ಮೆಟ್ಟಿಲು ಹತ್ತಬಹುದು.

ಹಾಗಾದರೆ ಯಾಂತ್ರಿಕವಾಗುವುದಿಲ್ಲವೇ?

ಟಿಕ್ ಇಲ್ಲದೆ ಎಂದೂ ನುಡಿಸದಿದ್ದರೆ ಆಗುತ್ತದೆ. ಲಯ ನಮ್ಮೊಳಗೆ ಬೆಳೆಯುವ ಬದಲು ಆ್ಯಪ್‌ಗೆ ಜೋತುಬೀಳುತ್ತದೆ. ಅದಕ್ಕೇ 72 ತಲುಪಿದ ಮೇಲೆ ಆಸರೆ ಕಡಿಮೆ ಮಾಡಬೇಕು. ಮೂರು ಎಣಿಕೆಯಲ್ಲಿ ಮೊದಲನೆಯದು ಮಾತ್ರ ಕೇಳುವಂತೆ ಆ್ಯಪ್ ಹೊಂದಿಸಿ. ಉಳಿದ ಎರಡನ್ನು ನೀವೇ ಮನಸ್ಸಿನಲ್ಲಿ ಎಣಿಸಬೇಕು. ಆ ಒಂದು ಟಿಕ್ ನಿಮ್ಮ ಸ್ವರದ ಜೊತೆಗೇ ಬಿದ್ದರೆ ಲಯ ನಿಮ್ಮದಾಗಿದೆ ಎಂದರ್ಥ. ಕೊನೆಗೆ ಅದನ್ನೂ ಆರಿಸಿ, ಆರಂಭದಿಂದ ಕಷ್ಟದ ಜಾಗ ದಾಟುವವರೆಗೆ ರೆಕಾರ್ಡ್ ಮಾಡಿ. ಆಮೇಲೆ ಮೆಟ್ರೊನೋಮ್ ಜೊತೆ ಅದನ್ನು ಕೇಳಿ.

ಭಾವಕ್ಕೆ ತಕ್ಕಂತೆ ಒಂದು ಕಡೆ ಸ್ವಲ್ಪ ಎಳೆಯುವುದು, ಇನ್ನೊಂದು ಕಡೆ ಮುಂದೆ ಸರಿಯುವುದು ಸಂಗೀತದಲ್ಲಿ ಇದ್ದದ್ದೇ. ಆದರೆ ಬೇಕೆಂದು ನಿಧಾನವಾಗುವುದು ಬೇರೆ, ಬೆರಳು ಓಡದೆ ನಿಧಾನವಾಗುವುದು ಬೇರೆ. ನಿಮ್ಮದು ಯಾವುದು ಎಂದು ತಿಳಿಯಲು ಕಷ್ಟದ ಜಾಗವನ್ನು ಒಮ್ಮೆ ಟಿಕ್ ಜೊತೆ ನುಡಿಸಿ ನೋಡಿದರೆ ಸಾಕು.