ರಾಜೀನಾಮೆಯ ಎರಡನೆಯ ವಾಕ್ಯ

“ಮಾನ್ಯರೇ, ಕರಾರಿನಂತೆ 90 ದಿನಗಳ ನೋಟೀಸು ಕೊಟ್ಟು ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನನ್ನ ಬಿಡುವಿನ ವೇಳೆಯಲ್ಲಿ, ನನ್ನ ಸ್ವಂತ ಕಂಪ್ಯೂಟರಿನಲ್ಲಿ ರಚಿಸಿರುವ ಆಟದ ಮೇಲೆ ಸಂಸ್ಥೆಗೆ ಯಾವ ಹಕ್ಕೂ ಇಲ್ಲವೆಂದು ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥನೆ.”

ತಿಂಗಳ ಸಂಬಳವನ್ನು ತೊರೆದು, ಕಂಪ್ಯೂಟರ್ ಆಟವೊಂದನ್ನು ತಾನೇ ಕಟ್ಟಿ ಮಾರಹೊರಟ ಬೆಂಗಳೂರಿನ ತರುಣ ಸಾಫ್ಟ್‌ವೇರ್ ಎಂಜಿನಿಯರನ ಪತ್ರ ಹೀಗಿದ್ದರೆ ಸಾಕು. ಆದರೆ ಅನೇಕರು ಮೊದಲ ವಾಕ್ಯಕ್ಕೇ ನಿಲ್ಲಿಸಿಬಿಡುತ್ತಾರೆ.

ಎರಡನೆಯದೇಕೆ ಬೇಕು? 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ನೌಕರಿಯ ಕರ್ತವ್ಯದಲ್ಲಿ ರಚಿಸಿದ ಕೃತಿಗೆ ಧಣಿಯೇ ಮೊದಲ ಒಡೆಯ. ಈ ಕಾಯಿದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯಕೃತಿಯೇ. ರಾತ್ರಿ ಮನೆಯಲ್ಲಿ ಕುಳಿತು ಬರೆದ ಆಟ ಕರ್ತವ್ಯವಲ್ಲ, ನಿಜ. ಆದರೆ ನೇಮಕದ ದಿನ ಓದದೆಯೇ ರುಜು ಹಾಕಿದ ಕರಾರಿನಲ್ಲಿ ‘ನೌಕರಿಯ ಅವಧಿಯಲ್ಲಿ ರಚಿಸಿದುದೆಲ್ಲವೂ ಸಂಸ್ಥೆಯದು’ ಎಂದಿದ್ದರೆ ವ್ಯಾಜ್ಯಕ್ಕೆ ಅದೇ ಸಾಕು. ಆ ನೋಟೀಸಿನ 90 ದಿನಗಳೂ ನೌಕರಿಯ ಅವಧಿಯೇ! ಒಂದೇ ಸಂಜೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಆಟವನ್ನು ತಿದ್ದಿದ್ದರೂ ಅದು ಎದುರು ಸಾಕ್ಷಿಯಾದೀತು.

ಈ ತೊಡಕು ತಲೆಯೆತ್ತುವುದು ಕೆಲಸ ಬಿಟ್ಟ ದಿನವಲ್ಲ. ಆಟ ಸಿದ್ಧವಾಗಿ, ಪ್ರಕಾಶಕನು ‘ಇದು ಸಂಪೂರ್ಣ ನಿಮ್ಮದೇ ಎಂದು ರುಜು ಹಾಕಿ’ ಎಂದಾಗ.

ಉತ್ತರ ಬಾರದಿದ್ದರೆ? ಮೌನವನ್ನು ಸಮ್ಮತಿಯೆಂದು ತಿಳಿಯಲಾಗದು. ವಕೀಲರಿಗೆ ಕರಾರನ್ನು ತೋರಿಸಬೇಕು. ಬಿಡುಗಡೆಯ ಪತ್ರ ಕೈಸೇರಿದ ಮೇಲೆ, ಹಳೆಯ ಸಾಲುಗಳನ್ನು ನೋಡದೆ ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದು ಇನ್ನೊಂದು ದಾರಿ. ಕೃತಿಸ್ವಾಮ್ಯವಿರುವುದು ಬರೆದ ರೂಪಕ್ಕೆ, ಬರಿಯ ಕಲ್ಪನೆಗಲ್ಲ.