‘ಊರಿಗೆ ಹೋಗ್ತೀನಿ ಮೇಡಂ’ ಎಂದವರನ್ನು ಮತ್ತೊಮ್ಮೆ ಕೇಳಿದಾಗ

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟಿನಲ್ಲಿ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ಹೆಚ್ಚುಕಡಿಮೆ ವರ್ಷವಿಡೀ ತೂಗುತ್ತಿರುತ್ತದೆ. ಒಳಗೆ ಹೊಸಬರು ಸೇರುತ್ತಲೇ ಇರುತ್ತಾರೆ, ಇದ್ದವರು ಬಿಡುತ್ತಲೇ ಇರುತ್ತಾರೆ. ಬಿಟ್ಟವರ ಫೈಲು ತೆಗೆದು ನೋಡಿದರೆ ಕಾರಣದ ಜಾಗದಲ್ಲಿ ಬಹುತೇಕ ಮೂರೇ ಉತ್ತರ: ಮನೆ ಸಮಸ್ಯೆ, ಊರಿಗೆ ವಾಪಸ್, ಮದುವೆ. ಇದನ್ನು ನಂಬಿಕೊಂಡ ಆಡಳಿತ ‘ನಾವೇನು ಮಾಡೋಕಾಗುತ್ತೆ’ ಎಂದು ಮತ್ತೆ ಹೊಸಬರ ಹುಡುಕಾಟಕ್ಕೆ ಇಳಿಯುತ್ತದೆ.

ಆ ಉತ್ತರಗಳು ಪೂರ್ತಿ ಸುಳ್ಳಲ್ಲ. ಆದರೆ ಅವನ್ನು ಹೇಳಿದ ಸಂದರ್ಭ ಎಂಥದು ನೋಡಿ. ಕೊನೆಯ ಸಂಬಳ ಇನ್ನೂ ಕೈಗೆ ಬಂದಿಲ್ಲ. ಪಿಎಫ್ ಹಣ ತೆಗೆಯಲು ಕಂಪನಿಯವರು ಬಿಟ್ಟ ದಿನಾಂಕವನ್ನು ಸರಿಯಾಗಿ ತುಂಬಬೇಕು. ನಾಳೆ ಪಕ್ಕದ ಕಾರ್ಖಾನೆಯವರು ಇಲ್ಲಿಗೇ ಫೋನ್ ಮಾಡಿ ‘ಹೇಗಿದ್ದರು’ ಎಂದು ವಿಚಾರಿಸಬಹುದು. ಅಂಥ ಹೊತ್ತಿನಲ್ಲಿ ಸೂಪರ್‌ವೈಸರ್ ಬೈದರು ಎಂದು ಬರೆಸಿ ಹೋಗುವವರು ಯಾರು? ಯಾರ ಮನಸ್ಸಿಗೂ ನೋವಾಗದ ಕಾರಣವೊಂದನ್ನು ಹೇಳಿ ಕೈಮುಗಿದು ಹೊರಡುತ್ತಾರೆ.

ಆದ್ದರಿಂದ ಎಕ್ಸಿಟ್ ಇಂಟರ್‌ವ್ಯೂ, ಅಂದರೆ ಕೆಲಸ ಬಿಡುವವರ ಜೊತೆ ನಡೆಸುವ ಮಾತುಕತೆಯಲ್ಲಿ, ಪ್ರಶ್ನೆಗಿಂತ ಮೊದಲು ಸರಿಯಾಗಬೇಕಾದ್ದು ಹೊತ್ತು ಮತ್ತು ಕೇಳುವ ವ್ಯಕ್ತಿ. ಲೆಕ್ಕ ಚುಕ್ತಾ ಆದ ಮೇಲೆಯೇ ಮಾತಿಗೆ ಕೂರಬೇಕು. 2019ರ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹಾಗಾಗಿ ಹಣ ಕೊಟ್ಟು ಕೇಳುವುದರಿಂದ ಕಂಪನಿಗೆ ತಡವೇನೂ ಆಗುವುದಿಲ್ಲ. ಕೇಳುವವರು ಆ ಲೈನಿನ ಸೂಪರ್‌ವೈಸರ್ ಆಗಿರಬಾರದು, ಫ್ಲೋರಿನ ಮ್ಯಾನೇಜರ್ ಕೂಡ ಬೇಡ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರ ಜೊತೆ ಅವರ ಭಾಷೆ ಬಲ್ಲವರೇ ಕೂರಬೇಕು. ಅರ್ಥವಾಗದ ಭಾಷೆಯ ಫಾರಂ ಮುಂದಿಟ್ಟರೆ ಸಹಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಇನ್ನೊಂದು ಕಷ್ಟವಿದೆ. ಗಾರ್ಮೆಂಟ್ಸ್‌ನಲ್ಲಿ ಎಷ್ಟೋ ಜನ ರಾಜೀನಾಮೆಯನ್ನೇ ಕೊಡುವುದಿಲ್ಲ. ಸಂಬಳ ಆದ ಮರುದಿನದಿಂದ ಬರುವುದು ನಿಲ್ಲಿಸುತ್ತಾರೆ. ಅತಿ ಹೆಚ್ಚು ಬೇಸತ್ತು ಹೋದವರು ಅವರಲ್ಲೇ ಇರುವ ಸಾಧ್ಯತೆ ಜಾಸ್ತಿ. ಅವರನ್ನು ಬಿಟ್ಟು ಮಾಡಿದ ಲೆಕ್ಕ, ಹೇಳಿ ಹೋಗುವಷ್ಟು ಸಮಾಧಾನವಿದ್ದವರ ಲೆಕ್ಕವಷ್ಟೇ ಆಗುತ್ತದೆ. ಮೂರು ನಾಲ್ಕು ವಾರ ಬಿಟ್ಟು ಸಂಜೆ ಹೊತ್ತು ಒಂದು ಫೋನ್ ಮಾಡಬೇಕು. ಅಷ್ಟರಲ್ಲಿ ಕೋಪ ಇಳಿದಿರುತ್ತದೆ, ಭಯವೂ ಹೋಗಿರುತ್ತದೆ, ಮಾತು ಬಿಚ್ಚುತ್ತಾರೆ.

‘ಯಾಕೆ ಬಿಟ್ಟಿರಿ?’ ಎಂದು ಕೇಳಿದರೆ ಸಿದ್ಧ ಉತ್ತರವೇ ಬರುತ್ತದೆ. ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವ ಪ್ರಶ್ನೆ ಬೇರೆ: ‘ಇಲ್ಲಿ ಇನ್ನು ಬೇಡ ಅಂತ ಮೊದಲ ಸಲ ಅನ್ನಿಸಿದ್ದು ಯಾವತ್ತು? ಅವತ್ತು ಏನಾಯ್ತು?’ ಕಾರಣ ಹೇಳುವಾಗ ಜನ ಹಿಂದೆ ಮುಂದೆ ನೋಡುತ್ತಾರೆ. ನಡೆದದ್ದನ್ನು ಹೇಳುವಾಗ ಅಷ್ಟು ಹಿಂಜರಿಯುವುದಿಲ್ಲ. ‘ಊರಿಗೆ ಹೋಗ್ತೀನಿ ಮೇಡಂ’ ಎಂದವರ ಉತ್ತರ ಆಗ ಹೀಗಿರಬಹುದು: ‘ಮಗೂಗೆ ಜ್ವರ ಬಂದಿತ್ತು ಮೇಡಂ. ಅರ್ಧ ದಿನ ರಜ ಕೇಳ್ದೆ. ನಿನ್ನ ಪೀಸು ಯಾರು ಹೊಲೀತಾರೆ ಅಂತ ಎಲ್ಲರ ಮುಂದೆ ಕೂಗಾಡಿದ್ರು. ಅವತ್ತು ರಾತ್ರಿನೇ ಅತ್ತೆ ಹೇಳಿದ್ರು, ಊರಿಗೆ ಬಂದ್ಬಿಡು ಅಂತ.’ ಊರಿಗೆ ಹೋಗುವುದು ನಿಜವೇ. ಆದರೆ ಕಂಪನಿ ಸರಿಪಡಿಸಬಹುದಾದದ್ದು ಇರುವುದು ಆ ಅರ್ಧ ದಿನದ ರಜದಲ್ಲಿ.

ಇಂಥ ಮಾತುಗಳನ್ನು ಒಟ್ಟು ಹಾಕಿ ಅರ್ಥ ತೆಗೆಯುವುದು ಹೇಗೆ? 12 ಲೈನುಗಳ, ಸರಾಸರಿ 600 ಜನರ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ 90 ಜನ ಬಿಟ್ಟರು. 600ಕ್ಕೆ 90, ಅಂದರೆ ಶೇ 15. ಈ ಒಂದೇ ಅಂಕಿಯಿಂದ ಏನೂ ತಿಳಿಯದು. ಸೇರಿ ಎಷ್ಟು ದಿನವಾಗಿತ್ತು, ಯಾವ ಲೈನು ಎಂದು ವಿಂಗಡಿಸಿದಾಗ, 90ರಲ್ಲಿ 50 ಜನ ಸೇರಿ ಮೂರು ತಿಂಗಳೂ ಆಗದವರು, ಆ 50ರಲ್ಲಿ 27 ಜನ ಎರಡೇ ಲೈನಿನವರು ಎಂದು ಕಾಣುತ್ತದೆ. ಆ ಎರಡು ಲೈನುಗಳಿಗೆ ಹೊಸಬರನ್ನೇ ಹೆಚ್ಚು ಹಾಕಿದ್ದರಾ ಎಂದೂ ನೋಡಬೇಕು. ಹಾಗಿಲ್ಲ, ಎಲ್ಲ ಲೈನಿಗೂ ಸುಮಾರು ಅಷ್ಟಷ್ಟೇ ಹೊಸಬರು ಎಂದಾದರೆ, ಹುಡುಕಬೇಕಾದ ಜಾಗ ಅದೇ.

ಇಲ್ಲಿ ಅವಸರಪಟ್ಟವರು ಆ ಇಬ್ಬರು ಸೂಪರ್‌ವೈಸರ್‌ಗಳನ್ನು ಕರೆಸಿ ಗದರಿಸಿ ಮುಗಿಸುತ್ತಾರೆ. ಅದು ತಪ್ಪು. ಅವರನ್ನೂ ಕೂರಿಸಿ ಕೇಳಿದರೆ ಇನ್ನೊಂದು ಮುಖ ಗೊತ್ತಾಗುತ್ತದೆ: ಒಬ್ಬರು ಗೈರಾದರೂ ಲೈನಿನ ಟಾರ್ಗೆಟ್ ಇಳಿಯುವುದಿಲ್ಲ, ಕಾಲರ್ ಕೂರಿಸುವ ಒಬ್ಬ ಟೈಲರ್ ಇಲ್ಲದಿದ್ದರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು, ಗಂಟೆ ಗಂಟೆಗೂ ಮೇಲಿನಿಂದ ಬೈಗುಳ. ಜೊತೆಗೆ ಹೊಸಬರಿಗೂ ಎರಡನೇ ವಾರದಿಂದಲೇ ಪೂರ್ತಿ ಟಾರ್ಗೆಟ್. ಈ ವ್ಯವಸ್ಥೆ ಹಾಗೇ ಇದ್ದರೆ ಸೂಪರ್‌ವೈಸರ್ ಬದಲಾದರೂ ಕೂಗಾಟ ನಿಲ್ಲದು. ಮಾಡಬೇಕಾದದ್ದು ಎರಡು ಕೆಲಸ: ಯಾರು ಗೈರಾದರೂ ಆ ಜಾಗದಲ್ಲಿ ಕೂರಬಲ್ಲ ಒಂದಿಬ್ಬರು ಪಳಗಿದ ಟೈಲರ್‌ಗಳನ್ನು ಆ ಲೈನುಗಳಿಗೆ ಹೆಚ್ಚುವರಿಯಾಗಿ ಕೊಡುವುದು, ಮತ್ತು ಹೊಸಬರ ಟಾರ್ಗೆಟ್ಟನ್ನು ಆರೆಂಟು ವಾರಗಳಲ್ಲಿ ಮೆಲ್ಲಗೆ ಏರಿಸುವುದು.

ಫಲ ಸಿಕ್ಕಿತೇ ಎಂದು ತಿಳಿಯಲು ಒಟ್ಟು ಶೇಕಡಾವಾರು ನೋಡಬಾರದು. ಹಬ್ಬ, ಬಿತ್ತನೆ, ಶಾಲೆ ಶುರುವಾಗುವ ಜೂನ್ ತಿಂಗಳು ಬಂದರೆ ಅದು ತಾನಾಗಿ ಏರಿಳಿಯುತ್ತದೆ. ಬದಲಾವಣೆ ಆದ ಮೇಲೆ ಆ ಎರಡು ಲೈನುಗಳಿಗೆ ಸೇರಿದವರಲ್ಲಿ ಎಷ್ಟು ಜನ 90 ದಿನ ದಾಟಿದರು, ಅದೇ ಅವಧಿಯಲ್ಲಿ ಉಳಿದ ಲೈನುಗಳಲ್ಲಿ ಎಷ್ಟು ಜನ ದಾಟಿದರು ಎಂದು ಅಕ್ಕಪಕ್ಕ ಇಟ್ಟು ನೋಡಬೇಕು.

ಗುಟ್ಟು ಕಾಪಾಡುವ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹೆಸರು ತೆಗೆದರೆ ಸಾಲದು. ‘ಮಗುವಿಗೆ ಜ್ವರ’ ಎಂದು ವರದಿಯಲ್ಲಿ ಬರೆದರೆ ಅದು ಯಾರೆಂದು ಇಡೀ ಲೈನಿಗೆ ಗೊತ್ತಾಗುತ್ತದೆ. ಅಲ್ಲೇ ದುಡಿಯುತ್ತಿರುವ ಆಕೆಯ ತಂಗಿಯೋ ಓರಗಿತ್ತಿಯೋ ಅದರ ಪೆಟ್ಟು ತಿನ್ನುತ್ತಾಳೆ. ಕನಿಷ್ಠ ಐದಾರು ಜನ ಹೇಳಿದ ಮೇಲೆಯೇ ಒಂದು ವಿಷಯವನ್ನು, ಅದೂ ಒಟ್ಟಾರೆ ರೂಪದಲ್ಲಿ, ಮೇಲಕ್ಕೆ ಕಳಿಸುವುದು ಒಳ್ಳೆಯದು. ಆದರೆ ಲೈಂಗಿಕ ಕಿರುಕುಳದ ಮಾತು ಬಂದರೆ ಐದು ಜನರಿಗಾಗಿ ಕಾಯುವಂತಿಲ್ಲ. 2013ರ ಕಾಯ್ದೆಯಂತೆ ರಚಿಸಿದ ಆಂತರಿಕ ಸಮಿತಿಗೆ ದೂರು ಕೊಡಬಹುದು, ಅದಕ್ಕೆ ನೆರವಾಗುತ್ತೇವೆ ಎಂದು ಆಕೆಗೆ ಆಗಲೇ ತಿಳಿಸಬೇಕು. ಯಾವುದು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎಂಬುದನ್ನು ಮಾತಿನ ಆರಂಭದಲ್ಲೇ ಹೇಳಿಬಿಡಬೇಕು.

ಇಷ್ಟಾದರೂ ಇದು ಹೋದವರ ಮಾತು. ಉಳಿದವರೂ ಅದೇ ಬೈಗುಳ ತಿಂದು ಉಳಿದಿದ್ದರೆ, ಬೈಗುಳವೊಂದೇ ಕಾರಣ ಎನ್ನಲಾಗದು. ಆದ್ದರಿಂದ ಅದೇ ಲೈನಿನಲ್ಲಿ ವರ್ಷ ದಾಟಿದ ಕೆಲವರನ್ನೂ ಕೇಳಬೇಕು: ‘ಬಿಡೋಣ ಅನ್ನಿಸಿದ ದಿನ ಯಾಕೆ ಬಿಡಲಿಲ್ಲ?’ ಕೇಳುವುದಕ್ಕೇ ಒಂದಷ್ಟು ಬಲವಿದೆ. ಭಾರತದ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ 2016ರಲ್ಲಿ ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದಾಗ, ಅಚ್ಯುತ ಅಧ್ವರ್ಯು ಮತ್ತು ಅವರ ಜೊತೆಗಾರ ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಕಾರ್ಮಿಕರಿಗೆ ಕೆಲಸ, ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಅವಕಾಶ ಸಿಗದವರಿಗಿಂತ ಇವರು ಕೆಲಸ ಬಿಟ್ಟದ್ದು ಸುಮಾರು ಐದನೇ ಒಂದು ಪಾಲು ಕಡಿಮೆ. ಅವರನ್ನು ಕೇಳಿದ್ದು ಅವರಿನ್ನೂ ಮೆಷಿನ್ ಮುಂದೆ ಕೂತಿದ್ದಾಗ.