ಅವಧಿಗೆ ಮುನ್ನ ಹುಟ್ಟಿದ ಶಿಶು: ಲಸಿಕೆಗೆ ವಯಸ್ಸು ಎಣಿಸುವುದು ಎಲ್ಲಿಂದ?

ಬಳ್ಳಾರಿ: ಒಂಬತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಎರಡು ವಯಸ್ಸುಗಳಿರುತ್ತವೆ. ಒಂದು, ಅದು ಹುಟ್ಟಿದ ದಿನದಿಂದ ಎಣಿಸುವ ವಯಸ್ಸು. ಇನ್ನೊಂದು, ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನಾಂಕದಿಂದ ಎಣಿಸುವ ವಯಸ್ಸು. ಎರಡನೆಯದನ್ನು ವೈದ್ಯರು 'ಸರಿಪಡಿಸಿದ ವಯಸ್ಸು' ಎನ್ನುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದ ತಾಯಿ ಲಸಿಕೆಯ ದಿನ ನೋಡುವಾಗ ಯಾವ ವಯಸ್ಸನ್ನು ಹಿಡಿಯಬೇಕು?

ಉತ್ತರ ಸ್ಪಷ್ಟವಾಗಿದೆ. ಲಸಿಕೆಗೆ ಹುಟ್ಟಿದ ದಿನದಿಂದಲೇ ವಯಸ್ಸು ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ನಮ್ಮ ದೇಶದ ಮಕ್ಕಳ ವೈದ್ಯರು ಪಾಲಿಸುವ ಕ್ರಮವೂ ಇದೇ ಆಗಿದೆ. ತೂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಲಸಿಕೆಯನ್ನು ಮುಂದೂಡುವಂತಿಲ್ಲ. ಆದರೂ ಗೊಂದಲ ಹುಟ್ಟುವುದಕ್ಕೆ ಕಾರಣವಿದೆ. ಶಿಶುವಿನ ಬೆಳವಣಿಗೆ, ಕತ್ತು ನಿಲ್ಲುವುದು, ಕುಳಿತುಕೊಳ್ಳುವುದು ಮುಂತಾದವುಗಳನ್ನು ಅದೇ ವೈದ್ಯರು ಸರಿಪಡಿಸಿದ ವಯಸ್ಸಿನಿಂದ ಅಳೆಯುತ್ತಾರೆ. ಒಂದೇ ಚೀಟಿಯಲ್ಲಿ ಎರಡು ಲೆಕ್ಕಗಳಿದ್ದಾಗ ಮನೆಯವರು ಎರಡನೆಯದನ್ನೇ ಎಲ್ಲದಕ್ಕೂ ಅನ್ವಯಿಸಿಬಿಡುವುದು ಸಹಜ.

ಒಂದು ಉದಾಹರಣೆ

ತಪ್ಪು ಲೆಕ್ಕದಿಂದ ಎಷ್ಟು ದಿನ ಕಳೆದುಹೋಗುತ್ತದೆ ಎಂಬುದನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಿರುಗುಪ್ಪ ತಾಲ್ಲೂಕಿನ ಗರ್ಭಿಣಿಯೊಬ್ಬರಿಗೆ 32 ವಾರಕ್ಕೇ ಹೆರಿಗೆಯಾಯಿತು. ದಿನಾಂಕ 2025ರ ಮಾರ್ಚ್ 6, ಗುರುವಾರ. ಶಿಶುವಿನ ತೂಕ ಒಂದೂವರೆ ಕೆ.ಜಿ. ಅದನ್ನು ಬಳ್ಳಾರಿ ನಗರದ ನವಜಾತ ಶಿಶು ಆರೈಕೆ ಘಟಕಕ್ಕೆ ಸಾಗಿಸಲಾಯಿತು. 40 ವಾರ ತುಂಬಿ ಹೆರಿಗೆಯಾಗಬೇಕಿದ್ದ ದಿನ ಮೇ 1. ಅಂದರೆ ಶಿಶು 8 ವಾರ ಮೊದಲೇ ಬಂದಿದೆ.

ಸರಿಯಾದ ಲೆಕ್ಕದಂತೆ ಆರು ವಾರದ ಲಸಿಕೆಗಳು ಏಪ್ರಿಲ್ 17ಕ್ಕೆ, ಹತ್ತು ವಾರದವು ಮೇ 15ಕ್ಕೆ, ಹದಿನಾಲ್ಕು ವಾರದವು ಜೂನ್ 12ಕ್ಕೆ ಬರುತ್ತವೆ. ಹೆರಿಗೆಯಾಗಬೇಕಿದ್ದ ದಿನದಿಂದ ಎಣಿಸಿದರೆ ಮೊದಲ ಕಂತೇ ಜೂನ್ 12ಕ್ಕೆ ಹೋಗುತ್ತದೆ. ಮೂರನೆಯ ಕಂತು ಮುಗಿಯಬೇಕಿದ್ದ ದಿನ ಮೊದಲನೆಯದು ಆರಂಭವಾದಂತಾಯಿತು. ಹುಟ್ಟಿದ ಮೊದಲ ಮೂರು ತಿಂಗಳು ಶಿಶು ನಾಯಿಕೆಮ್ಮು, ಗಂಟಲಮಾರಿ, ನ್ಯುಮೋನಿಯಾ ಮುಂತಾದವುಗಳ ಎದುರು ಯಾವ ಲಸಿಕೆಯೂ ಇಲ್ಲದೆ ಉಳಿಯುತ್ತದೆ. ಈ ರೋಗಗಳು ಅತಿ ಅಪಾಯಕಾರಿಯಾಗುವುದೂ ಆ ವಯಸ್ಸಿನಲ್ಲೇ.

ಕಾಯುವುದು ಏಕೆ ಅಪಾಯ?

ತಾಯಿಯ ರಕ್ತದಲ್ಲಿರುವ ರೋಗ ನಿರೋಧಕ ಕಣಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹರಿಯುತ್ತವೆ. ಇದರ ಬಹುಪಾಲು ನಡೆಯುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. 32 ವಾರಕ್ಕೆ ಹುಟ್ಟಿದ ಶಿಶುವಿಗೆ ಈ ಬಳುವಳಿ ಪೂರ್ತಿ ಸಿಕ್ಕಿರುವುದಿಲ್ಲ. ಸಿಕ್ಕಷ್ಟೂ ಬೇಗನೆ ಕರಗಿಹೋಗುತ್ತದೆ. ಅದರ ಶ್ವಾಸಕೋಶವೂ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಬಲಿತ ಮೇಲೆ ಲಸಿಕೆ ಹಾಕಿಸೋಣ ಎಂದು ಕಾಯುವಷ್ಟು ಕಾಲ ರಕ್ಷಣೆ ಎಲ್ಲರಿಗಿಂತ ಕಡಿಮೆ ಇರುವುದು ಇಂಥ ಶಿಶುವಿಗೇ.

ಲಸಿಕೆಯನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕಿದೆಯೇ ಎಂಬ ಸಂಶಯವೂ ಕೇಳಿಬರುತ್ತದೆ. ಗರ್ಭದಿಂದ ಹೊರಬಂದ ಕ್ಷಣದಿಂದಲೇ ಶಿಶುವಿನ ದೇಹ ಹೊರಗಿನ ಕ್ರಿಮಿಗಳನ್ನು ಎದುರಿಸಲು ಕಲಿಯತೊಡಗುತ್ತದೆ. ಅತಿ ಮುಂಚೆ ಹುಟ್ಟಿದ ಶಿಶುಗಳಲ್ಲಿ ಕೆಲವು ಲಸಿಕೆಗಳ ಪರಿಣಾಮ ತುಸು ಕಡಿಮೆ ಇರುವುದು ನಿಜ. ಆದರೂ ಬಹುಪಾಲು ಶಿಶುಗಳಲ್ಲಿ ರಕ್ಷಣೆಗೆ ಬೇಕಾದಷ್ಟು ಪರಿಣಾಮ ಉಂಟಾಗುತ್ತದೆ. ಮೂರೂ ಕಂತುಗಳನ್ನು ಮುಗಿಸಿ, 16ರಿಂದ 24 ತಿಂಗಳ ನಡುವಿನ ಬೂಸ್ಟರ್ ತಪ್ಪಿಸದಿರುವುದು ಇವರ ವಿಷಯದಲ್ಲಿ ಹೆಚ್ಚು ಮುಖ್ಯವಾಗುತ್ತದೆ.

ಹುಟ್ಟಿದಾಗಿನ ಮೂರು ಲಸಿಕೆಗಳು

ತೂಕ ಮತ್ತು ಆರೋಗ್ಯ ಸ್ಥಿತಿಯನ್ನು ನೋಡಿ ನಿರ್ಧರಿಸಬೇಕಾದ ಸಂದರ್ಭ ಬರುವುದು ಮುಖ್ಯವಾಗಿ ಹುಟ್ಟಿದಾಗಿನ ಲಸಿಕೆಗಳಲ್ಲಿ. ಅವು ಮೂರು: ಬಿಸಿಜಿ, ಪೋಲಿಯೊ ಶೂನ್ಯ ಕಂತು ಮತ್ತು ಹೆಪಟೈಟಿಸ್-ಬಿ.

ಹೆಪಟೈಟಿಸ್-ಬಿ ಲಸಿಕೆಯನ್ನು 24 ಗಂಟೆಯೊಳಗೆ ಕೊಡಬೇಕು. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಶಿಶುವಿನಲ್ಲಿ ಈ ಕಂತು ಪೂರ್ಣ ಫಲ ಕೊಡದಿರಬಹುದು. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೂ ಮೂರು ಕಂತು ಕೊಡಬೇಕೆಂಬ ನಿಯಮವಿದೆ. ಸರ್ಕಾರಿ ವೇಳಾಪಟ್ಟಿಯಲ್ಲಿ ಆರು, ಹತ್ತು ಮತ್ತು ಹದಿನಾಲ್ಕು ವಾರಕ್ಕೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲೇ ಹೆಪಟೈಟಿಸ್-ಬಿ ಸೇರಿರುವುದರಿಂದ ಈ ಮೂರು ಕಂತುಗಳು ತಾನಾಗಿ ಪೂರ್ಣಗೊಳ್ಳುತ್ತವೆ. ತಾಯಿಯ ರಕ್ತದಲ್ಲಿ ಹೆಪಟೈಟಿಸ್-ಬಿ ಇರುವುದು ಪತ್ತೆಯಾಗಿದ್ದರೆ ಮಾತ್ರ ಶಿಶುವಿನ ತೂಕ ಎಷ್ಟೇ ಇರಲಿ, 12 ಗಂಟೆಯೊಳಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಬೇಕಾಗುತ್ತದೆ.

ಬಿಸಿಜಿ ಮತ್ತು ಪೋಲಿಯೊ ಹನಿಯನ್ನು ಶಿಶು ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಮನೆಗೆ ಕಳುಹಿಸುವಾಗ ಕೊಡುತ್ತಾರೆ. ಪೋಲಿಯೊ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ಮಲದ ಮೂಲಕ ಹೊರಬರುವುದರಿಂದ ನಿತ್ರಾಣವಾದ ಇತರ ಶಿಶುಗಳಿರುವ ಘಟಕದೊಳಗೆ ಅದನ್ನು ಕೊಡದಿರುವ ರೂಢಿಯಿದೆ. ಶೂನ್ಯ ಕಂತಿಗೆ 15 ದಿನದ ಮಿತಿಯಿದೆ. ಆ ಮಿತಿ ದಾಟಿದರೆ ಆರು ವಾರದಿಂದ ಪೋಲಿಯೊ ಹನಿ ಆರಂಭಿಸಿದರಾಯಿತು. ಬಿಸಿಜಿಯನ್ನು ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಕೊಡಬಹುದು.

ನಮ್ಮ ಉದಾಹರಣೆಯ ಶಿಶುವಿಗೆ 22ನೆಯ ದಿನ ಬಿಡುಗಡೆಯಾಯಿತೆಂದು ತಿಳಿಯೋಣ. ಆಗ ಪೋಲಿಯೊ ಶೂನ್ಯ ಕಂತಿನ ಅವಧಿ ಮುಗಿದಿರುತ್ತದೆ. ಬಿಸಿಜಿ ಆಗಿರುತ್ತದೆ, ಇಲ್ಲವೇ ಬಾಕಿ ಇರುತ್ತದೆ. ಬಿಡುಗಡೆ ಚೀಟಿಯಲ್ಲಿ ಮೂರೂ ಲಸಿಕೆಗಳ ಎದುರು ದಿನಾಂಕ ಬರೆದಿದೆಯೇ ಎಂದು ಘಟಕದಿಂದ ಹೊರಡುವ ಮುನ್ನ ಕೇಳಿ ನೋಡಿಕೊಳ್ಳಬೇಕು. ಅಲ್ಲಿ ಬರೆಸದಿದ್ದರೆ ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಲಸಿಕೆ ಹಾಕುವ ಆರೋಗ್ಯ ಸಹಾಯಕಿಗೆ ಏನು ಆಗಿದೆ, ಏನು ಉಳಿದಿದೆ ಎಂಬುದು ತಿಳಿಯುವುದಿಲ್ಲ. ಬಾಣಂತನಕ್ಕೆ ಗಡಿಯಾಚೆ ಆದೋನಿ, ಆಲೂರು ಕಡೆಯ ತವರಿಗೆ ಹೋಗುವವರು ತಾಯಿ ಕಾರ್ಡನ್ನೂ ಬಿಡುಗಡೆ ಚೀಟಿಯನ್ನೂ ಜೊತೆಗೇ ಒಯ್ಯುವುದು ಒಳಿತು. ಲಸಿಕೆಯನ್ನು ಅಲ್ಲಿಯೂ ಹಾಕಿಸಬಹುದು.

ಆರು ವಾರದ ದಿನ

ಏಪ್ರಿಲ್ 17 ಕೂಡ ಗುರುವಾರ. ಆ ದಿನಕ್ಕೆ ಶಿಶುವಿಗೆ ಸರಿಯಾಗಿ 42 ದಿನ. ಹೊಸದಾಗಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ಭೇಟಿ ನೀಡಬೇಕಾದ ದಿನಗಳಲ್ಲಿ 42ನೆಯ ದಿನವೂ ಒಂದು. ಶಿಶು ಎರಡು ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಎರಡೂವರೆ ಕೆ.ಜಿ. ಆಗಲಿ ಎಂದು ಅಜ್ಜಿ ಹೇಳುವುದು ಇಂಥ ಹೊತ್ತಿನಲ್ಲೇ. ಶಿಶು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ತೂಕ ಏರುತ್ತಿದ್ದು, ಜ್ವರವಿಲ್ಲದಿದ್ದರೆ ಕಾಯುವ ಅಗತ್ಯವಿಲ್ಲ.

ಆ ದಿನ ಮೂರು ಚುಚ್ಚುಮದ್ದುಗಳಿವೆ: ಪೆಂಟಾವೇಲೆಂಟ್, ನ್ಯುಮೋಕಾಕಲ್ ಮತ್ತು ಪೋಲಿಯೊ ಚುಚ್ಚುಮದ್ದು. ಬಾಯಿಗೆ ಪೋಲಿಯೊ ಹನಿ ಮತ್ತು ರೋಟಾವೈರಸ್ ಲಸಿಕೆ. ಶಿಶು ಚಿಕ್ಕದೆಂದು ಪ್ರಮಾಣವನ್ನು ಅರ್ಧ ಮಾಡುವಂತಿಲ್ಲ. ಪೆಂಟಾವೇಲೆಂಟ್ ನಾಲ್ಕು ಕೆ.ಜಿ. ಮಗುವಿಗೂ ಅರ್ಧ ಮಿ.ಲೀ., ಎರಡು ಕೆ.ಜಿ. ಶಿಶುವಿಗೂ ಅರ್ಧ ಮಿ.ಲೀ. ಔಷಧಿಯಂತೆ ಲಸಿಕೆಯನ್ನು ತೂಕಕ್ಕೆ ತಕ್ಕಂತೆ ಅಳೆಯುವುದಿಲ್ಲ.

ತೂಕಕ್ಕೆ ತಕ್ಕಂತೆ ಅಳೆಯಬೇಕಾದದ್ದು ನಂತರದ ಜ್ವರದ ಔಷಧಿ. ಅಪಾಯವಾಗುವುದೂ ಇಲ್ಲಿಯೇ. ಅಂಗಡಿಯಲ್ಲಿ ಸಿಗುವ ಪ್ಯಾರಾಸಿಟಮಾಲ್ ಹನಿಯ ಒಂದು ಮಿ.ಲೀ.ಯಲ್ಲಿ 100 ಮಿ.ಗ್ರಾಂ ಔಷಧಿ ಇದ್ದರೆ, ಸಾಮಾನ್ಯ ಸಿರಪ್‌ನ ಐದು ಮಿ.ಲೀ.ಯಲ್ಲಿ 125 ಮಿ.ಗ್ರಾಂ ಇರುತ್ತದೆ. ಅಂದರೆ ಹನಿಯು ಸಿರಪ್‌ಗಿಂತ ನಾಲ್ಕು ಪಟ್ಟು ಗಾಢ. ದೊಡ್ಡ ಮಗುವಿಗೆ ತಂದಿಟ್ಟ ಸೀಸೆಯಿಂದ ಅಂದಾಜಿನಲ್ಲಿ ಕುಡಿಸದೆ, ಲಸಿಕೆ ಹಾಕಿದವರಿಂದಲೇ ಶಿಶುವಿನ ತೂಕ ಹೇಳಿ ಪ್ರಮಾಣವನ್ನು ಬರೆಸಿಕೊಳ್ಳಬೇಕು.

ಯಾವಾಗ ಎಚ್ಚರಿಕೆ ಬೇಕು?

28 ವಾರಕ್ಕಿಂತ ಮುಂಚೆ ಹುಟ್ಟಿ, ಆರು ವಾರವಾದರೂ ಆಸ್ಪತ್ರೆಯಲ್ಲೇ ಇರುವ ಶಿಶುಗಳಲ್ಲಿ ಲಸಿಕೆಯ ನಂತರ ಒಂದೆರಡು ದಿನ ಉಸಿರಾಟ ಕ್ಷಣಕಾಲ ನಿಂತುಹೋಗುವುದು, ಹೃದಯ ಬಡಿತ ನಿಧಾನವಾಗುವುದು ಕೆಲವೊಮ್ಮೆ ಕಂಡುಬರುತ್ತದೆ. ಇಂಥವರಿಗೆ ಘಟಕದಲ್ಲೇ ಲಸಿಕೆ ಹಾಕಿ 48ರಿಂದ 72 ಗಂಟೆ ನಿಗಾ ಇಡಲಾಗುತ್ತದೆ. ಮೊದಲ ಕಂತಿನಲ್ಲಿ ಹೀಗಾಗಿದ್ದರೆ ಎರಡನೆಯದನ್ನೂ ಆಸ್ಪತ್ರೆಯಲ್ಲಿಯೇ ಹಾಕಿಸಬೇಕು. ಲಸಿಕೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ.

ಮನೆಗೆ ಬಂದಿರುವ ಶಿಶುವಾದರೆ ಲಸಿಕೆಯ ನಂತರ ಅರ್ಧ ಗಂಟೆ ಕೇಂದ್ರದಲ್ಲೇ ಕುಳಿತಿರಬೇಕು. ಆಮೇಲೆ ಹಾಲು ಬಿಟ್ಟರೆ, ಮೈ ತಣ್ಣಗಾದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಅಥವಾ ಜ್ವರ ಏರುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತೀವ್ರ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವ ಶಿಶುವಿಗೆ ಲಸಿಕೆಯನ್ನು ಮುಂದೂಡುವುದು ಸರಿ. ಆದರೆ ಘಟಕದಲ್ಲಿ ರಕ್ತ ಹಾಕಿದ್ದರು, ಕಾಮಾಲೆಗೆ ದೀಪದಡಿ ಇಟ್ಟಿದ್ದರು ಎಂಬುದು ಪೆಂಟಾವೇಲೆಂಟ್ ತಡೆಯಲು ಕಾರಣವಾಗದು.

ಈಗಾಗಲೇ ತಡವಾಗಿದ್ದರೆ ಮೊದಲಿನಿಂದ ಆರಂಭಿಸಬೇಕಿಲ್ಲ. ಬಿಟ್ಟುಹೋದ ಕಂತಿನಿಂದ ಮುಂದುವರಿಸಿ, ಪೆಂಟಾವೇಲೆಂಟ್ ಕಂತುಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರ ಇಟ್ಟರೆ ಸಾಕು. ರೋಟಾವೈರಸ್ ಲಸಿಕೆಯ ಮೊದಲ ಕಂತು ಮಾತ್ರ ಒಂದು ವರ್ಷದೊಳಗೆ ಆಗಿರಬೇಕು.

ದಿನ ತುಂಬಿ ಹುಟ್ಟಿದರೆ

ಕಡಿಮೆ ತೂಕದ ಎಲ್ಲ ಶಿಶುಗಳೂ ಅವಧಿಗೆ ಮುನ್ನ ಹುಟ್ಟಿದವಲ್ಲ. 39 ವಾರ ತುಂಬಿಯೂ ಎರಡು ಕೆ.ಜಿ. ಇರುವ ಶಿಶುಗಳಿವೆ. ಅವುಗಳಿಗೆ ಎರಡನೆಯ ವಯಸ್ಸೇ ಇಲ್ಲ. ಲಸಿಕೆಗೂ ಬೆಳವಣಿಗೆಗೂ ಹುಟ್ಟಿದ ದಿನವೇ ಲೆಕ್ಕ.

ನಮ್ಮ ಉದಾಹರಣೆಯ ಶಿಶುವಿಗೆ ಡಿಸೆಂಬರ್ 6ಕ್ಕೆ ಒಂಬತ್ತು ತಿಂಗಳು ತುಂಬುತ್ತದೆ. ದಡಾರ-ರುಬೆಲ್ಲಾ ಲಸಿಕೆ ಆಗಲೇ ಬೇಕು. ಮಿದುಳು ಜ್ವರದ ಲಸಿಕೆಯೂ ಅದೇ ಭೇಟಿಯಲ್ಲಿ ಬರುತ್ತದೆ. ಆ ರೋಗ ಹಿಂದಿನಿಂದಲೂ ಕಾಡುತ್ತಿದ್ದ ಬಳ್ಳಾರಿ, 2006ರಲ್ಲಿ ದೇಶದಲ್ಲಿ ಮಿದುಳು ಜ್ವರ ಲಸಿಕಾ ಅಭಿಯಾನ ಮೊದಲಿಗೆ ನಡೆದ ಕೆಲವೇ ಜಿಲ್ಲೆಗಳಲ್ಲಿ ಒಂದಾಗಿತ್ತು. ಅದೇ ದಿನ ಮಗು ಇನ್ನೂ ಆಸರೆಯಿಲ್ಲದೆ ಕುಳಿತುಕೊಳ್ಳುತ್ತಿಲ್ಲ ಎಂದು ತಾಯಿ ಚಿಂತಿಸಿದರೆ ವೈದ್ಯರು ಮೇ 1ರಿಂದ ಎಣಿಸಿ, ಅದಕ್ಕೆ ಆಗಿರುವುದು ಏಳು ತಿಂಗಳು ಎಂದು ಹೇಳುತ್ತಾರೆ. ಎರಡು ಮಾತೂ ಸರಿ. ಕುಳಿತುಕೊಳ್ಳುವುದಕ್ಕೆ ಏಳು ತಿಂಗಳು, ಲಸಿಕೆಗೆ ಒಂಬತ್ತು ತಿಂಗಳು.